ತಾತನ ಅಂಗಡಿಯ ಬೆಂಕಿಪೊಟ್ಟಣದ ಲೇಬಲ್‌ಗಳು: ಕೀಳಬೇಕಾ, ಹಾಗೇ ಬಿಡಬೇಕಾ?

ಅರಸೀಕೆರೆಯವನು

ಎಲ್ಲರಿಗೂ ನಮಸ್ಕಾರ. ಅರಸೀಕೆರೆಯಲ್ಲಿ ನಮ್ಮ ತಾತನದು ಒಂದು ದಿನಸಿ ಅಂಗಡಿ ಇತ್ತು. ಹೋದ ತಿಂಗಳು ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಅದರಲ್ಲಿ ನೂರೈವತ್ತರಷ್ಟು ಬಿಡಿ ಬೆಂಕಿಪೊಟ್ಟಣದ ಲೇಬಲ್‌ಗಳು, ಎಂಟು ಇಡೀ ಪೊಟ್ಟಣಗಳು ಇವೆ. ಪೊಟ್ಟಣಗಳು ತೆಳು ಮರದವು. ಎರಡರಲ್ಲಿ ಇನ್ನೂ ಕಡ್ಡಿ ಇದೆ. ಜೊತೆಗೆ ಒಂದು ಹಳೇ ಲೆಕ್ಕದ ಪುಸ್ತಕ. ಅದರ ಕೊನೇ ಪುಟಗಳಲ್ಲಿ ಇಪ್ಪತ್ತಾರು ಲೇಬಲ್ ಅಂಟಿಸಿದ್ದಾರೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಏನೇನೋ ಬರೆದಿದ್ದಾರೆ, ಅರ್ಧ ಓದಕ್ಕೆ ಆಗಲ್ಲ.

ಇದನ್ನು ನೋಡಿ ಹುಚ್ಚು ಹಿಡಿದು ನಾನೂ ಆನ್‌ಲೈನ್‌ನಲ್ಲಿ ಒಂದು ಲೇಬಲ್ ತಗೊಂಡೆ. ಲಕ್ಷ್ಮಿ ಚಿತ್ರ, ಕೆಳಗೆ ‘ಮೇಡ್ ಇನ್ ಜಪಾನ್’ ಅಂತ ಇದೆ. 1,800 ರೂಪಾಯಿ ಕೊಟ್ಟೆ.

ಎರಡು ಪ್ರಶ್ನೆ. ಪುಸ್ತಕಕ್ಕೆ ಅಂಟಿಸಿದ್ದನ್ನು ಹಾಳಾಗದ ಹಾಗೆ ಬಿಡಿಸೋದು ಹೇಗೆ? ಇದಕ್ಕೆಲ್ಲ ಬೆಲೆ ಇದೆಯಾ, ಇದ್ದರೆ ಯಾತಕ್ಕೆ?

ಬೆಂಕಿನವಾಬ

ಗುರುವೇ, ಲಾಟರಿ ಹೊಡೆದಿದೆ ನಿಮಗೆ. ಹಳೇದಾದಷ್ಟೂ ಬೆಲೆ ಜಾಸ್ತಿ, ಅಷ್ಟೇ ಲೆಕ್ಕ. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿದರೆ ಸಲೀಸಾಗಿ ಬರುತ್ತೆ. ನಾನು ನೂರಾರು ಬಿಡಿಸಿದ್ದೀನಿ. ಆಮೇಲೆ ಒಂದೊಂದನ್ನೂ ಲ್ಯಾಮಿನೇಷನ್ ಮಾಡಿಸಿಬಿಡಿ, ಜನ್ಮಪೂರ್ತಿ ಹಾಳಾಗಲ್ಲ.

ಕಾಗದದಹುಳು

ಅರಸೀಕೆರೆಯವರೇ, ದಯವಿಟ್ಟು ಇವತ್ತು ಏನೂ ಮಾಡಬೇಡಿ. ನೀರಿನ ಬಟ್ಟಲನ್ನು ದೂರ ಇಡಿ.

ನವಾಬರ ಮಾತು ಅರ್ಧ ಸರಿ. ಸಿವಕಾಶಿ ಕಡೆಯ ಲೇಬಲ್‌ಗಳನ್ನು ಹೆಚ್ಚಾಗಿ ಹಿಟ್ಟಿನ ಅಂಟಿನಲ್ಲೇ ಅಂಟಿಸುತ್ತಿದ್ದರು, ಅದು ನೀರಿಗೆ ಬಿಡುತ್ತೆ ನಿಜ. ಆದರೆ ಬಿಸಿನೀರು ಬೇಡ. ಅಗ್ಗದ ಲೇಬಲ್‌ಗಳ ಗುಲಾಬಿ, ನೇರಳೆ ಶಾಯಿಗೆ ನೀರು ತಾಗಿದರೆ ಕುಂಕುಮ ಕದಡಿದ ಹಾಗೆ ಆಗುತ್ತೆ. ಮೊದಲು ಪರೀಕ್ಷೆ ಮಾಡಿ. ಹತ್ತಿ ಕಡ್ಡಿಯ ತುದಿಗೆ ಒಂದು ಹನಿ ನೀರು ತಗೊಂಡು ಮೂಲೆಯಲ್ಲಿ ಬಣ್ಣ ಇರುವ ಕಡೆ ಮುಟ್ಟಿಸಿ. ಮೇಲೆ ಬಿಳಿ ಟಿಶ್ಯೂ ಒತ್ತಿ, ಒಂದು ನಿಮಿಷ ಬಿಡಿ. ಟಿಶ್ಯೂಗೆ ಬಣ್ಣ ಬಂತು ಅಂದರೆ ಆ ಲೇಬಲ್ ನೀರಿಗೆ ಆಗಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪರೀಕ್ಷೆ ಮಾಡಬೇಕು. ಕಪ್ಪು ಗಟ್ಟಿಯಾಗಿ ನಿಂತು ಪಕ್ಕದ ಗುಲಾಬಿ ಹರಿದು ಹೋಗಿದ್ದನ್ನು ನಾನೇ ನೋಡಿದ್ದೀನಿ.

ಪಾಸಾದದ್ದನ್ನು ತಣ್ಣೀರಿನ ತಟ್ಟೆಯಲ್ಲಿ ಬಿಟ್ಟು ಸುಮ್ನೆ ಕೂತುಕೊಳ್ಳಿ. ಉಗುರು ಹಾಕಿ ಎಬ್ಬಿಸಬೇಡಿ. ಅಂಟು ಬಿಟ್ಟಾಗ ಅದಾಗಿಯೇ ತೇಲಿ ಬರುತ್ತೆ. ಬಂದ ಮೇಲೆ ಹಿಂಭಾಗದ ಲೋಳೆ ಹೋಗುವ ತನಕ ಇನ್ನೊಂದು ತಟ್ಟೆ ಶುದ್ಧ ನೀರಲ್ಲಿ ಆಡಿಸಿ. ಹಿಟ್ಟು ಉಳಿದರೆ ಪುಸ್ತಕ ತಿನ್ನುವ ಆ ಬೆಳ್ಳಿ ಬಣ್ಣದ ಹುಳಕ್ಕೆ ಹಬ್ಬ. ಒಣಗಿಸಲು ಬಿಳಿ ಬ್ಲಾಟಿಂಗ್ ಪೇಪರ್ ಬೇಕು. ದಿನಪತ್ರಿಕೆ ಬೇಡ, ಅದರ ಅಕ್ಷರ ಲೇಬಲ್ ಮೇಲೆ ಬಂದು ಕೂರುತ್ತೆ.

ಲ್ಯಾಮಿನೇಷನ್ ಮಾಡಿಸಿದ ದಿನವೇ ಆ ಲೇಬಲ್ ಸಂಗ್ರಹದ ವಸ್ತುವಾಗಿ ಸತ್ತ ಹಾಗೆ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿಗೇ ಹಿಡಿಯುತ್ತೆ, ಮತ್ತೆ ಬಿಡಿಸಲು ಆಗಲ್ಲ.

ಇಷ್ಟೂ ಹೇಳಿದ್ದು ಬಿಡಿ ಲೇಬಲ್‌ಗೆ, ಅದರಲ್ಲೂ ಹರಿದ ಪೊಟ್ಟಣದ ಚೂರಿಗೆ ಅಂಟಿಕೊಂಡಿರುವಂಥವಕ್ಕೆ. ಆ ಎಂಟು ಇಡೀ ಪೊಟ್ಟಣ ಮುಟ್ಟಬೇಡಿ. ಲೆಕ್ಕದ ಪುಸ್ತಕದಿಂದಲೂ ಕೀಳಬೇಡಿ. ಅದರ ಎರಡು ಮೂರು ಪುಟದ ಫೋಟೋ ಹಾಕಿ ನೋಡೋಣ. ಕಡ್ಡಿ ಇರುವ ಎರಡು ಪೊಟ್ಟಣದಿಂದ ಕಡ್ಡಿ ತೆಗೆದುಬಿಡಿ. ಅವನ್ನು ಪೋಸ್ಟ್‌ನಲ್ಲಿ ಯಾರಿಗೂ ಕಳಿಸಬೇಡಿ, ಬೆಂಕಿಕಡ್ಡಿ ಕಳಿಸುವ ಹಾಗಿಲ್ಲ.

ಗೋಲಿಸೋಡಾ

ಆಹಾ, ನೆನಪಾಯ್ತು! ಸಿಗರೇಟ್ ಪ್ಯಾಕು, ಬೆಂಕಿಪೊಟ್ಟಣದ ಮುಖ ಹರಿದು ವೃತ್ತದಲ್ಲಿಟ್ಟು ಕಲ್ಲಲ್ಲಿ ಹೊಡೀತಿದ್ವಿ. ಸುಲಭಕ್ಕೆ ಸಿಗದ ಪ್ಯಾಕಿಗೆ ನೂರು, ಎಲ್ಲ ಕಡೆ ಬಿದ್ದಿರೋದಕ್ಕೆ ಐದು. ಅಂದಹಾಗೆ ಖಾಲಿ ಪೊಟ್ಟಣದಲ್ಲಿ ಮಕ್ಕಳ ಪ್ರಾಜೆಕ್ಟಿಗೆ ರೈಲು ಮಾಡಬಹುದು. ಎಂಟು ಇದೆಯಲ್ಲಾ, ಸರಿಯಾಗಿ ಎಂಟು ಬೋಗಿ.

ಕಾಗದದಹುಳು

ಸೋಡಾ ಅವರೇ, ಆ ರೈಲು ಬೇಡ 😀 ಆದರೆ ಆಟದ ಲೆಕ್ಕ ಇಟ್ಟುಕೊಳ್ಳಿ, ಅದು ಸರಿಯಾಗಿದೆ. ನಿಮ್ಮ ನೂರಕ್ಕೂ ಐದಕ್ಕೂ ವಯಸ್ಸು ಕಾರಣ ಆಗಿರಲಿಲ್ಲ, ಅಲ್ವಾ?

ಲೆಸ್ಟರ್‌ಕನ್ನಡಿಗ

ನನ್ನದೂ ಒಂದು ಕಥೆ. ಇಲ್ಲಿ ಇಂಗ್ಲೆಂಡಲ್ಲಿ ಭಾನುವಾರದ ಸಂತೆಯಲ್ಲಿ ಸಿಗರೇಟ್ ಕಾರ್ಡ್ ಸಿಗುತ್ತೆ. ಮೆತ್ತನೆ ಪ್ಯಾಕ್ ಮುದುಡದಿರಲಿ ಅಂತ ಒಳಗೆ ಇಡುತ್ತಿದ್ದ ಗಟ್ಟಿ ಕಾರ್ಡು, ಅದರ ಮೇಲೆ ಚಿತ್ರ ಹಾಕಿ ಐವತ್ತರ ಸರಣಿ ಮಾಡಿದರು. ಹಕ್ಕಿ, ಹಡಗು, ಕ್ರಿಕೆಟಿಗರು, ಸಿನಿಮಾ ನಟರು. 1940ರಲ್ಲಿ ಯುದ್ಧದ ಕಾಗದದ ಅಭಾವಕ್ಕೆ ನಿಂತುಹೋಯಿತು. ನಾನು ಮೂವತ್ತರ ದಶಕದ ಇಡೀ ಐವತ್ತು ಹಕ್ಕಿಗಳನ್ನು ಕೆಲವೇ ಪೌಂಡಿಗೆ ತಗೊಂಡೆ. ತೊಂಬತ್ತು ವರ್ಷ ಹಳೇದು, ಒಂದೂ ಕಮ್ಮಿ ಇಲ್ಲ. ಆದರೂ ಒಂದು ಊಟದ ಬೆಲೆ! ನವಾಬರ ಲೆಕ್ಕ ಇಲ್ಲಿ ನಡೀತಿಲ್ಲವಲ್ಲ?

ಕಟ್ಟು ಹಾಕಿಸಿ ಕಿಟಕಿ ಎದುರು ತೂಗುಹಾಕಿದ್ದೆ. ಈಗ ರಾಬಿನ್ ಹಕ್ಕಿಯ ಎದೆ ಕೆಂಪಾಗಿ ಇಲ್ಲ, ಚಹಾದ ಬಣ್ಣಕ್ಕೆ ತಿರುಗಿದೆ. ಅದು ನನ್ನ ತಪ್ಪು.

ಕಾಗದದಹುಳು

ಲೆಸ್ಟರ್ ಅವರದು ಸರಿಯಾದ ಉದಾಹರಣೆ. ಆ ಕಾರ್ಡುಗಳನ್ನು ಕೂಡಿಡಲಿ ಅಂತಲೇ ಮಾಡಿದ್ದು. ಹಿಂದೆ ನಂಬರ್ ಇರುತ್ತಿತ್ತು, ಆಲ್ಬಮ್ ಒಂದು ಪೆನ್ನಿ ನಾಣ್ಯಕ್ಕೆ ಸಿಗುತ್ತಿತ್ತು, ಮೂವತ್ತರ ದಶಕದಲ್ಲಿ ಹಿಂಬದಿಗೆ ಗೋಂದನ್ನೂ ಹಚ್ಚಿ ಕೊಟ್ಟರು. ಲಕ್ಷಾಂತರ ಮಕ್ಕಳು ಜೋಪಾನ ಮಾಡಿದರು. ಎಲ್ಲರೂ ಜೋಪಾನ ಮಾಡಿದ್ದು ಅಪರೂಪ ಆಗೋದು ಹೇಗೆ?

ಅದೇ ದೇಶದ ಇನ್ನೊಂದು ಸರಣಿ ನೋಡಿ. ವಿಲ್ಸ್ ಕಂಪನಿ 1915ರಲ್ಲಿ ವಾಟರ್ಲೂ ಯುದ್ಧದ ನೂರು ವರ್ಷಕ್ಕೆ ಅಂತ ಒಂದು ಸರಣಿ ಮಾಡಿತು. ಆ ಯುದ್ಧದಲ್ಲಿ ಸೋತವರು ಫ್ರೆಂಚರು. 1915ರ ಹೊತ್ತಿಗೆ ಅದೇ ಫ್ರೆಂಚರು ಬ್ರಿಟನ್ ಜೊತೆ ಸೇರಿ ಜರ್ಮನಿ ಮೇಲೆ ಹೋರಾಡುತ್ತಿದ್ದರು. ಗೆಳೆಯರಿಗೆ ಬೇಜಾರಾದೀತು ಅಂತ ಕಾರ್ಡುಗಳನ್ನು ಬಿಡುಗಡೆಯೇ ಮಾಡಲಿಲ್ಲ. ಹೇಗೋ ಹೊರಗೆ ಬಂದ ಕೆಲವಕ್ಕೆ ಈಗ ಒಳ್ಳೇ ಬೆಲೆ.

ಅಮೆರಿಕದ್ದು ಎಲ್ಲರಿಗೂ ಗೊತ್ತಿರೋದು. 1909ರಿಂದ 1911ರ ನಡುವೆ ಸಿಗರೇಟ್ ಪ್ಯಾಕಿನಲ್ಲಿ ಬಂದ ಬೇಸ್‌ಬಾಲ್ ಸರಣಿಯಲ್ಲಿ ಹೋನಸ್ ವ್ಯಾಗ್ನರ್ ಅನ್ನೋ ಆಟಗಾರನ ಕಾರ್ಡನ್ನು ಬೇಗ ನಿಲ್ಲಿಸಿಬಿಟ್ಟರು. ಮಕ್ಕಳು ತನಗೋಸ್ಕರ ಸಿಗರೇಟ್ ಕೊಳ್ಳಬಾರದು ಅಂತ ಅವನೇ ಬೇಡ ಅಂದ ಅಂತ ಕೆಲವರು, ದುಡ್ಡು ಕೊಡಲಿಲ್ಲ ಅದಕ್ಕೆ ಅಂತ ಕೆಲವರು. ಈಗ ಅರವತ್ತರ ಆಸುಪಾಸು ಉಳಿದಿವೆ. 2022ರಲ್ಲಿ ಒಂದು 72.5 ಲಕ್ಷ ಡಾಲರ್‌ಗೆ ಹೋಯಿತು. ಆದರೆ ನೂರಾರು ಕಾರ್ಡುಗಳ ಆ ಸರಣಿಯನ್ನು ಪೂರ್ತಿ ಮಾಡಲು ಜನ ಒದ್ದಾಡುತ್ತಿದ್ದರು, ಆದ್ದರಿಂದಲೇ ಆ ಒಂದು ಖಾಲಿ ಜಾಗ ಅಷ್ಟು ಕಾಡಿತು. ಯಾವುದಕ್ಕೂ ಸೇರದ ಒಂಟಿ ಕಾಗದ ಎಷ್ಟೇ ಅಪರೂಪ ಆದರೂ ಕೇಳೋರು ಕಡಿಮೆ.

ಬೆಂಕಿನವಾಬ

ಆಯ್ತಪ್ಪ, ಒಪ್ಪಿದೆ. ಆದರೆ ನಮ್ಮ ಬೆಂಕಿಪೊಟ್ಟಣಕ್ಕೆ ನಂಬರೂ ಇಲ್ಲ, ಸರಣಿಯೂ ಇಲ್ಲ. ನಾನು ಹದಿನೈದು ವರ್ಷದಿಂದ ಕೂಡಿಡ್ತಿದ್ದೀನಿ, ಯಾವತ್ತು ಮುಗಿಯುತ್ತೆ ಅಂತಲೇ ಗೊತ್ತಿಲ್ಲ.

ಕಾಗದದಹುಳು

ಮುಗಿಯಲ್ಲ. ಅದರ ಮೋಜೇ ಅದು. ಮೊದಲು ಬೆಂಕಿಪೊಟ್ಟಣ ಸ್ವೀಡನ್ ಮತ್ತು ಜಪಾನಿನಿಂದ ಹಡಗಿನಲ್ಲಿ ಬರುತ್ತಿತ್ತು. 1922ರಲ್ಲಿ ಆಮದು ಸುಂಕ ಏರಿತು. ಸುಂಕ ತಪ್ಪಿಸಲು ಸ್ವೀಡನ್ನಿನವರು ಇಲ್ಲೇ ಬಂದು ವಿಮ್ಕೋ ಕಟ್ಟಿದರು, 1923ರಲ್ಲಿ. ಅದೇ ಹೊತ್ತಿಗೆ ಸಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಕಲ್ಕತ್ತಾಗೆ ಹೋಗಿ ಕೆಲಸ ಕಲಿತು ಬಂದು ಊರಲ್ಲಿ ಶುರು ಮಾಡಿದರು. ವಿಮ್ಕೋ ಯಂತ್ರದ ಕಾರ್ಖಾನೆ, ‘ಶಿಪ್’ ಥರ ಕೆಲವೇ ಗುರುತುಗಳು. ಈ ಕಡೆ ಕೈಕೆಲಸದ ಸಣ್ಣ ಘಟಕಗಳಿಗೆ ಅಬಕಾರಿ ಸುಂಕದಲ್ಲಿ ರಿಯಾಯಿತಿ ಸಿಕ್ಕಿತು. ಹಾಗಾಗಿ ದೊಡ್ಡದಾಗೋದಕ್ಕಿಂತ ಸಣ್ಣದಾಗಿ ಉಳಿಯೋದೇ ಲಾಭ ಆಯಿತು. ಒಂದೊಂದು ಘಟಕಕ್ಕೂ ತನ್ನದೇ ಗುರುತು, ಅದರ ಮೇಲೆ ಪಕ್ಕದವನ ಗುರುತಿನ ನಕಲು. ಸಾವಿರಗಟ್ಟಲೆ ಲೇಬಲ್ ಹುಟ್ಟಿದ್ದು ಹೀಗೆ.

ಅರಸೀಕೆರೆಯವನು

ಫೋಟೋ ಹಾಕಿದ್ದೀನಿ. ಮೊದಲನೇದು ಲೆಕ್ಕದ ಪುಸ್ತಕದ ಒಂದು ಪುಟ: ನಾಲ್ಕು ಲೇಬಲ್, ಎರಡು ಹೆಚ್ಚುಕಡಿಮೆ ಒಂದೇ ಥರ. ಎರಡನೇದು ಇಡೀ ಪೊಟ್ಟಣ: ಅದಕ್ಕೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಸುತ್ತಿದೆ, ಹರಿದಿದೆ. ಇದೇನು, ಅಂಗಡಿಯವರು ಹಾಕಿದ್ದಾ? ಮೂರನೇದು ನಾನು ಕೊಂಡ ಲಕ್ಷ್ಮಿ.

ಕಾಗದದಹುಳು

ಆ ಪಟ್ಟಿ ಸರ್ಕಾರದ್ದು. ಅದನ್ನು ಬ್ಯಾಂಡರೋಲ್ ಅಂತಾರೆ. 1934ರಲ್ಲಿ ಬೆಂಕಿಪೊಟ್ಟಣಕ್ಕೆ ಅಬಕಾರಿ ಸುಂಕ ಬಂದಾಗ, ಸುಂಕ ಕಟ್ಟಿದ್ದಕ್ಕೆ ಗುರುತಾಗಿ ಬಂದದ್ದು. ಪೊಟ್ಟಣ ತೆಗೆಯಬೇಕಾದರೆ ಪಟ್ಟಿ ಹರಿಯಲೇಬೇಕು. ಲೇಬಲ್ ಕಿತ್ತು ಕೂಡಿಟ್ಟ ಹುಡುಗರು ಇದನ್ನು ಎಸೆದುಬಿಟ್ಟರು. ಹಾಗಾಗಿ ಲೇಬಲ್ಲು, ಪಟ್ಟಿ, ಮರದ ಪೊಟ್ಟಣ ಮೂರೂ ಒಟ್ಟಿಗೆ ಇರುವುದು ಸಿಗೋದು ಕಷ್ಟ. ನಿಮ್ಮ ಪೊಟ್ಟಣ 1934ಕ್ಕಿಂತ ಹಿಂದಿನದಲ್ಲ ಅನ್ನೋದೂ ಇದರಿಂದಲೇ ಗೊತ್ತಾಯಿತು.

ಪುಸ್ತಕದ ಪುಟಕ್ಕೆ ಬರೋಣ. ಮೇಲಿನ ಎಡಗಡೆಯ ಲೇಬಲ್‌ನಲ್ಲಿ ಬೆಲೆಯ ಅಂಕಿ ಅಳಿಸಿದೆ, ಆದರೆ ಮುಂದೆ ‘ಎನ್.ಪಿ.’ ಅಂತ ಕಾಣುತ್ತೆ. ಅದು ನಯಾ ಪೈಸೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ‘ನಯಾ’ ಬಿದ್ದುಹೋದದ್ದು 1964ರ ಜೂನ್‌ನಲ್ಲಿ. ಅಂದರೆ ಲೇಬಲ್ ಅಚ್ಚಾದದ್ದು ಈ ಏಳು ವರ್ಷದಲ್ಲಿ. ಹಳೇ ಅಚ್ಚು ಮುಗಿಯುವ ತನಕ ಅಂಟಿಸುತ್ತಿದ್ದರು, ಆದ್ದರಿಂದ ನಿಮ್ಮ ತಾತನ ಕೈಗೆ ಒಂದೆರಡು ವರ್ಷ ತಡವಾಗಿಯೂ ಬಂದಿರಬಹುದು. ವಿಳಾಸದಲ್ಲಿ ಪಿನ್‌ಕೋಡ್ ಇಲ್ಲ, ಅದೂ ಸರಿಹೋಗುತ್ತೆ. ಪಿನ್ ಬಂದದ್ದೇ 1972ರಲ್ಲಿ. ಆದರೆ ಪಿನ್ ಇಲ್ಲ ಅಂದಮಾತ್ರಕ್ಕೆ ಹಳೇದು ಅನ್ನಬೇಡಿ. ಎಷ್ಟೋ ಜನ ಆಮೇಲೂ ಹಾಕಲಿಲ್ಲ. ಇದ್ದರೆ ಸಾಕ್ಷಿ, ಇಲ್ಲದಿದ್ದರೆ ಸಾಕ್ಷಿಯಲ್ಲ.

ಲಕ್ಷ್ಮಿ ಬಗ್ಗೆ ನನಗೆ ಅನುಮಾನ ಇದೆ. ಭೂತಗನ್ನಡಿ ಇಟ್ಟು ನೋಡಿ. ಚುಕ್ಕಿ ಚುಕ್ಕಿ ಕಂಡರೆ ಹೇಳಿ.

ಅರಸೀಕೆರೆಯವನು

ಚುಕ್ಕಿ ಕಾಣ್ತಿದೆ. ಸಾಲಾಗಿ, ಹೂವಿನ ಥರ ಗುಂಪು ಗುಂಪಾಗಿ. ಹೋಯ್ತಾ 1,800?

ಪ್ರೆಸ್ಸಿನವ

ಒಂದು ನಿಮಿಷ. ನಮ್ಮದು ದಾವಣಗೆರೆಯಲ್ಲಿ ಮೂವತ್ತು ವರ್ಷದ ಪ್ರೆಸ್. ಚುಕ್ಕಿ ಕಂಡಿತು ಅಂತ ಡೂಪ್ಲಿಕೇಟ್ ಅನ್ನೋದು ತಪ್ಪು. ಚುಕ್ಕಿಯ ಅಚ್ಚು 1900ಕ್ಕೂ ಮೊದಲೇ ಇತ್ತು. ಕಲ್ಲಚ್ಚಿನವರೂ ಕೈಯಲ್ಲಿ ಚುಕ್ಕಿ ಇಡುತ್ತಿದ್ದರು. ಆದರೆ ಕೈಚುಕ್ಕಿ ಒಂದರಂತೆ ಒಂದು ಇರಲ್ಲ, ರಾಗಿ ಚೆಲ್ಲಿದ ಹಾಗಿರುತ್ತೆ.

ನೀವು ನೋಡಬೇಕಾದದ್ದು ಚಿತ್ರ ಅಲ್ಲ, ಅಕ್ಷರ. ‘ಮೇಡ್ ಇನ್ ಜಪಾನ್’ ಅಕ್ಷರದ ಅಂಚು ನೋಡಿ. ಅಸಲಿನಲ್ಲಿ ಅಕ್ಷರ ಒಂದೇ ಬಣ್ಣದ ಗಟ್ಟಿ ಶಾಯಿ, ಅಂಚು ತುಂಡಾಗಿರಲ್ಲ. ಯಾರೋ ಅಸಲನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಅಕ್ಷರವೂ ಚುಕ್ಕಿಯಲ್ಲೇ ಆಗಿರುತ್ತೆ. ಕಪ್ಪು ಅಕ್ಷರದ ಅಂಚಲ್ಲಿ ನೀಲಿ, ಹಳದಿ ಕಾಣುತ್ತೆ. ಇನ್ನೊಂದು: ಕಾಗದದ ಮೇಲೆ ಕಲೆ, ಮಡಿಕೆ ಇದ್ದರೆ ಬೆರಳು ಆಡಿಸಿ. ಮಡಿಕೆ ಕಣ್ಣಿಗೆ ಕಂಡು ಬೆರಳಿಗೆ ಸಿಗದಿದ್ದರೆ ಅದು ಅಚ್ಚಾದ ಮಡಿಕೆ.

ಕಾಗದದಹುಳು

ಪ್ರೆಸ್ಸಿನವರು ನನ್ನನ್ನು ಸರಿಯಾಗಿ ತಿದ್ದಿದರು. ನಾನು ಅವಸರಪಟ್ಟೆ. ಇದರ ಜೊತೆ ಒಂದು ಸೇರಿಸುತ್ತೀನಿ: ನೋಟು ಪರೀಕ್ಷಿಸುವ ನೇರಳೆ ದೀಪ ಅಂಗಡಿಗಳಲ್ಲಿ ಇರುತ್ತಲ್ಲ, ಕತ್ತಲಲ್ಲಿ ಅದರ ಕೆಳಗೆ ಇಡಿ. ಕಾಗದ ಬಿಳಿ ಪಂಚೆಯ ಹಾಗೆ ನೀಲಿಯಾಗಿ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇದೆ. ಕಾಗದಕ್ಕೆ ಅದನ್ನು ಹಾಕಲು ಶುರು ಮಾಡಿದ್ದು 1950ರ ಆಸುಪಾಸು. ಹೊಳೆಯದಿದ್ದರೆ ಏನೂ ಸಾಬೀತಾಗಲ್ಲ. ಹಳೇ ಪುಸ್ತಕದ ಖಾಲಿ ಹಾಳೆಯ ಮೇಲೆ ಅಚ್ಚು ಹಾಕುವ ಚಾಲಾಕಿಗಳೂ ಇದ್ದಾರೆ.

ಕುಡ್ಲದಕ್ಕ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಅಪ್ಪ ಮಂಗಳೂರಲ್ಲಿ ಬೀಡಿ ಕಂಪನಿಯೊಂದರ ಲೇಬಲ್ ಹಚ್ಚುವ ವಿಭಾಗದಲ್ಲಿ ಇದ್ದರು. ಬಣ್ಣ ಜರುಗಿ ಕೆಟ್ಟ ಹಾಳೆಗಳನ್ನು ಮನೆಗೆ ತರುತ್ತಿದ್ದರು. ಶಾಲೆಯ ಪುಸ್ತಕಕ್ಕೆಲ್ಲ ನಮಗೆ ಅದೇ ಬೈಂಡು. ಟೀಚರ್ ಬೈಯುತ್ತಿದ್ದರು, ಬೀಡಿ ಕಾಗದ ಹಾಕ್ಕೊಂಡು ಬರ್ತೀರಾ ಅಂತ. ಇನ್ನೂ ಆರು ಹಾಳೆ ಉಂಟು. ಒಂದೊಂದರಲ್ಲಿ ಹತ್ತಾರು ಲೇಬಲ್, ಕತ್ತರಿಸಿಲ್ಲ. ನೀಟಾಗಿ ಕತ್ತರಿಸಿ ಒಂದೊಂದಾಗಿ ಕೊಟ್ಟರೆ ಒಳ್ಳೆಯದಾ? ಕೆಟ್ಟ ಅಚ್ಚು ಆದ್ದರಿಂದ ಯಾರಿಗೂ ಬೇಡವೋ ಏನೋ.

ಕಾಗದದಹುಳು

ಅಕ್ಕ, ಕತ್ತರಿ ಮುಟ್ಟಬೇಡಿ! ಕತ್ತರಿಸಿದ ಲೇಬಲ್ ಎಲ್ಲ ಕಡೆ ಸಿಗುತ್ತೆ, ಇಡೀ ಹಾಳೆ ಪ್ರೆಸ್ಸಿನಿಂದ ಹೊರಗೆ ಬರುವುದೇ ಕಡಿಮೆ. ಬಣ್ಣ ಜರುಗಿದ್ದೂ ಕುಂದಲ್ಲ. ಯಾವ ಬಣ್ಣ ಮೊದಲು ಬಿತ್ತು, ಯಾವುದು ಆಮೇಲೆ ಅಂತ ಜರುಗಿದ ಹಾಳೆಯಲ್ಲೇ ಚೆನ್ನಾಗಿ ಕಾಣೋದು.

ಕತ್ತರಿಯ ಮಾತು ಬಂತು, ವ್ಯಾಗ್ನರ್ ಕಾರ್ಡಿನದೇ ಇನ್ನೊಂದು ಕಥೆ ಇದೆ. ಇರುವುದರಲ್ಲೇ ಅತಿ ಚೆಂದದ್ದು ಅಂತ ಹೆಸರಾದ ಕಾರ್ಡು ಒಂದಿತ್ತು. 1991ರಲ್ಲಿ ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್ಕಿ ಮತ್ತು ಪಾಲುದಾರ ಅದನ್ನು 4,51,000 ಡಾಲರ್‌ಗೆ ಕೊಂಡರು. 2007ರಲ್ಲಿ ಅದೇ ಕಾರ್ಡು 28 ಲಕ್ಷ ಡಾಲರ್ ಆಯಿತು. ಮೂಲೆಗಳು ಬ್ಲೇಡಿನಷ್ಟು ಚೂಪು. ಯಾಕೆ ಅಂದರೆ ನಿಜವಾಗಲೂ ಬ್ಲೇಡ್ ಬಿದ್ದಿತ್ತು. ಅದನ್ನು ಮೊದಲು ಮಾರಿದ್ದ ಬಿಲ್ ಮಾಸ್ಟ್ರೋ, ಅಂಚು ಕತ್ತರಿಸಿದ್ದು ತಾನೇ ಅಂತ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ.

ಬೆಂಕಿನವಾಬ

ಕತ್ತರಿಸಿದ ಕಾರ್ಡಿಗೆ 28 ಲಕ್ಷ ಡಾಲರ್ ಕೊಟ್ಟರು ಅಂದಮೇಲೆ, ನಾನು ಮಾಡಿಸಿದ ಲ್ಯಾಮಿನೇಷನ್‌ಗೆ ಏನೂ ಬರಲ್ಲ ಅಂತ ಹೇಗೆ ಹೇಳ್ತೀರಿ? 😄

ಲೆಸ್ಟರ್‌ಕನ್ನಡಿಗ

ನವಾಬರೇ, ನಿಮ್ಮದು ಕೋರ್ಟಿಗೆ ಹೋದರೆ ಬರಬಹುದು.

ನನಗೊಂದು ಅನುಮಾನ. ಇಲ್ಲಿ ಕಾರ್ಡನ್ನು ಆಲ್ಬಮ್‌ಗೆ ಅಂಟಿಸಿಬಿಟ್ಟಿದ್ದರೆ ಬೆಲೆ ಬಿದ್ದುಹೋಗುತ್ತೆ. ಅರಸೀಕೆರೆಯವರ ಪುಸ್ತಕದ್ದೂ ಅಂಟಿಸಿದ್ದೇ. ಅದನ್ನು ಮಾತ್ರ ಬಿಡಿಸಬೇಡಿ ಅನ್ನೋದು ಯಾಕೆ?

ಕಾಗದದಹುಳು

ಕಾರ್ಡಿನ ಹಿಂದೆ ನಂಬರೂ ಬರಹವೂ ಇರುತ್ತೆ, ಅಂಟಿಸಿದರೆ ಅರ್ಧ ಕಾರ್ಡು ಹೋಯಿತು. ಲೇಬಲ್ ಹಿಂದೆ ಏನೂ ಇಲ್ಲ. ಮೇಲಾಗಿ ಆಲ್ಬಮ್ ಕಂಪನಿಯದು, ಎಲ್ಲರ ಮನೆಯದೂ ಒಂದೇ. ಈ ಲೆಕ್ಕದ ಪುಸ್ತಕ ಒಂದೇ. ಫೋಟೋ ದೊಡ್ಡದು ಮಾಡಿ ಪೆನ್ಸಿಲ್ ಓದಿದೆ. ಒಂದರ ಪಕ್ಕ ‘ಮಳೆಗಾಲಕ್ಕೆ ಬೇಡ’ ಅಂತ ಇದೆ. ಒಂದೇ ಥರ ಕಾಣುವ ಎರಡರಲ್ಲಿ ಒಂದಕ್ಕೆ ‘ನಮು’, ಇನ್ನೊಂದಕ್ಕೆ ‘ಇದು ಆ ಮಾಲಲ್ಲ’. ‘ನಮು’ ಅಂದರೇನು ಅಂತ ಗೊತ್ತಾಗಲಿಲ್ಲ.

ಪ್ರೆಸ್ಸಿನವ

ನಮೂನೆ ಇರಬೇಕು ಸಾರ್. ಹಳೇ ವ್ಯಾಪಾರದವರು ಹಾಗೇ ಬರೀತಿದ್ದರು. ಬಟ್ಟೆ ಅಂಗಡಿಯವರೂ ಚೂರು ಬಟ್ಟೆ ಅಂಟಿಸಿ ನಮೂನೆ ಅಂತ ಬರೆದುಕೊಳ್ಳುತ್ತಿದ್ದರು. ಇದು ಹವ್ಯಾಸದ ಆಲ್ಬಮ್ ಅಲ್ಲ. ಗಾಡಿಯಲ್ಲಿ ಬಂದ ಮಾಲು ಅಸಲೋ ನಕಲೋ ಅಂತ ತಾಳೆ ನೋಡಲು ಅಂಟಿಸಿಟ್ಟದ್ದು.

ಬೆಂಕಿನವಾಬ

ನಾನು ಮಾತ್ರ ಬಿಡಿಸೋನೇ. ಪುಸ್ತಕ ಇಟ್ಟರೆ ಲೇಬಲ್‌ಗೆ ಹುಳ ಬೀಳುತ್ತೆ. ಪೆನ್ಸಿಲ್ ಬರಹದ ಫೋಟೋ ತೆಗೆದಿಟ್ಟರೆ ಸಾಲದಾ?

ಕುಡ್ಲದಕ್ಕ

ಫೋಟೋದಲ್ಲಿ ಅಪ್ಪನ ಕೈ ಇರುವುದಿಲ್ಲ ಮಾರಾಯ್ರೆ.

ಅರಸೀಕೆರೆಯವನು

ವಾರ ಬಿಟ್ಟು ಬರೀತಿದ್ದೀನಿ. ಬಿಡಿ ಲೇಬಲ್‌ಗಳಲ್ಲಿ ನಲವತ್ತರಷ್ಟು ಪೊಟ್ಟಣದ ಚೂರಿಗೆ ಅಂಟಿದ್ದವು. ಅವನ್ನು ಪರೀಕ್ಷೆ ಮಾಡಿದೆ, ಮೂವತ್ತೊಂದು ಪಾಸು. ತಣ್ಣೀರಲ್ಲಿ ಬಿಟ್ಟೆ. ಒಂದು ಹಾಳಾಯಿತು. ಮೂಲೆಯ ಕೆಂಪು ಪರೀಕ್ಷೆ ಮಾಡಿದ್ದೆ, ನಡುವಿನ ನೇರಳೆ ಮರೆತಿದ್ದೆ. ನವಿಲಿನ ಕತ್ತು ಈಗ ತಟ್ಟೆಯ ನೀರಲ್ಲಿದೆ.

ಲಕ್ಷ್ಮಿಯ ಅಕ್ಷರದ ಅಂಚಲ್ಲಿ ಹಳದಿ ಚುಕ್ಕಿ ಇದ್ದೇ ಇದೆ. ಮೆಡಿಕಲ್ ಸ್ಟೋರಿನ ನೋಟಿನ ದೀಪದ ಕೆಳಗೆ ಇಟ್ಟರೆ ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು. ಮಾರಿದವರಿಗೆ ಬರೆದೆ. ಎರಡು ದಿನ ಆಯಿತು, ಉತ್ತರ ಇಲ್ಲ.

ಪುಸ್ತಕ ಮುಟ್ಟಿಲ್ಲ. ಅಮ್ಮನಿಗೆ ತೋರಿಸಿದೆ. ‘ಇದು ಆ ಮಾಲಲ್ಲ’ ಅನ್ನುವ ಸಾಲು ತಾತನ ಕೈಯಲ್ಲ, ಅಜ್ಜಿಯ ಕೈ ಅಂದರು. ತಾತ ಸಂತೆಗೆ ಹೋದಾಗ ಗಲ್ಲಾದಲ್ಲಿ ಕೂರುತ್ತಿದ್ದುದು ಅಜ್ಜಿಯೇ ಅಂತೆ. ಉಳಿದ ಪುಟಗಳ ಫೋಟೋ ನಾಳೆ ಹಾಕ್ತೀನಿ, ಯಾವುದು ಯಾರ ಬರಹ ಅಂತ ನೋಡಬೇಕು.